ಕೇಳಿ ತಂದ ಟ್ರ್ಯಾಕ್ಟರ್ ಕೆಟ್ಟರೆ ರಿಪೇರಿ ಖರ್ಚು ಯಾರ ತಲೆಗೆ?

ಪ್ರಶ್ನೆ: ಎರಡು ಎಕರೆಗೆ ರೋಟವೇಟರ್ ಹೊಡೆಯಲು ಪಕ್ಕದ ಹೊಲದವರ ಟ್ರ್ಯಾಕ್ಟರ್ ಕೇಳಿ ತಂದಿದ್ದೆ. ಬಾಡಿಗೆ ಮಾತಾಡಿರಲಿಲ್ಲ, ಡೀಸೆಲ್ ಮಾತ್ರ ನಾನು ಹಾಕಿಸಿದ್ದೆ. ಕೆಲಸದ ನಡುವೆ ಎಂಜಿನ್ ಕಾದು ಸೀಜ್ ಆಯಿತು. ಮೆಕ್ಯಾನಿಕ್ 60 ಸಾವಿರ ಹೇಳುತ್ತಿದ್ದಾರೆ. ಪೂರ್ತಿ ನಾನೇ ಕೊಡಬೇಕೇ?

ಉತ್ತರ: ಕೆಟ್ಟಾಗ ಗಾಡಿ ನಿಮ್ಮ ಕೈಯಲ್ಲಿತ್ತು ಎಂಬ ಒಂದೇ ಕಾರಣಕ್ಕೆ ನೀವು ಕೊಡಬೇಕಾಗಿಲ್ಲ. ಬಾಡಿಗೆ ಇರಲಿಲ್ಲ ಎಂಬ ಕಾರಣಕ್ಕೆ ನಿಮ್ಮ ಹೊಣೆ ತಪ್ಪುವುದೂ ಇಲ್ಲ. ಕೆಲಸ ಮುಗಿದ ಮೇಲೆ ವಾಪಸ್ ಕೊಡುತ್ತೇನೆಂದು ವಸ್ತು ಪಡೆದರೆ ಸಾಕು, ಭಾರತೀಯ ಕರಾರು ಕಾಯ್ದೆ, 1872 ಅನ್ವಯಿಸುತ್ತದೆ. ಚೀಟಿ, ಸಾಕ್ಷಿ, ದುಡ್ಡು ಯಾವುದೂ ಇರಬೇಕಾಗಿಲ್ಲ. ನೀವು ಹಾಕಿಸಿದ ಡೀಸೆಲ್ ನಿಮ್ಮ ಕೆಲಸಕ್ಕೇ ಉರಿದದ್ದು. ಅದನ್ನು ಬಾಡಿಗೆ ಎನ್ನಲಾಗದು.

ಆ ಕಾಯ್ದೆಯ 151ನೇ ಕಲಂ ಪ್ರಕಾರ, ವಿವೇಕವುಳ್ಳ ಸಾಮಾನ್ಯ ಮನುಷ್ಯ ಅಂಥದೇ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ನೀವು ಮಾಡಿರಬೇಕು. ಅಷ್ಟು ಮಾಡಿಯೂ ಕೆಟ್ಟರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ನಷ್ಟ ನಿಮ್ಮದಲ್ಲ ಎನ್ನುತ್ತದೆ 152ನೇ ಕಲಂ. ಆದರೆ ವಸ್ತು ನಿಮ್ಮ ಸ್ವಾಧೀನದಲ್ಲಿದ್ದಾಗ ಕೆಟ್ಟಿದ್ದರಿಂದ, ಜೋಪಾನ ಮಾಡಿದ್ದೆ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಊರಿನ ಪಂಚಾಯ್ತಿಗಳಲ್ಲಿ ಬಹಳಷ್ಟು ಜನ ಮುಗ್ಗರಿಸುವುದು ಇಲ್ಲೇ.

ಈಗ ನಿಮ್ಮ ಎಂಜಿನ್ನಿಗೆ ಬರೋಣ. ಕಾದು ಸೀಜ್ ಆಗಲು ಕಾರಣ ಒಂದೇ ಇರುವುದಿಲ್ಲ, ಯಾವ ಕಾರಣ ಎಂಬುದರ ಮೇಲೆ ಹೊಣೆಯೂ ಬದಲಾಗುತ್ತದೆ. ಫ್ಯಾನ್ ಬೆಲ್ಟ್ ನಡುವೆ ತುಂಡಾಯಿತು ಎನ್ನಿ. ಬೆಲ್ಟ್ ಹಳತಾಗಿ ತುಂಡಾಗುವುದು ಸವಕಳಿ, ಅದು ಮಾಲೀಕರ ಖಾತೆಗೆ. ಆದರೆ ಬೆಲ್ಟ್ ಹೋದೊಡನೆ ಮೀಟರಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮುಳ್ಳು ಕೆಂಪು ಪಟ್ಟಿಗೆ ಏರುತ್ತದೆ. ಆಗಲೇ ಗಾಡಿ ನಿಲ್ಲಿಸಿದ್ದರೆ ಖರ್ಚು ಒಂದು ಬೆಲ್ಟಿನಲ್ಲಿ ಮುಗಿಯುತ್ತಿತ್ತು. ಉಳಿದಿರುವುದು ನಾಲ್ಕೇ ಸಾಲು ಎಂದು ಓಡಿಸಿದ್ದರೆ, ಹೆಡ್ ಗ್ಯಾಸ್ಕೆಟ್ ಮತ್ತು ಪಿಸ್ಟನ್ ಹೋದದ್ದು ನಿಮ್ಮ ಅಜಾಗರೂಕತೆಯಿಂದಲೇ. ಬೆಳಿಗ್ಗೆ ಗಾಡಿ ಹತ್ತುವ ಮೊದಲು ರೇಡಿಯೇಟರ್ ನೀರು, ಎಂಜಿನ್ ಆಯಿಲ್ ನೋಡದೇ ಇದ್ದರೂ ಉತ್ತರ ಹೆಚ್ಚುಕಡಿಮೆ ಇದೇ. ತನ್ನ ಟ್ರ್ಯಾಕ್ಟರ್ ಇರುವವನು ಅಷ್ಟನ್ನು ನೋಡಿಯೇ ಹತ್ತುತ್ತಾನೆ.

ರೇಡಿಯೇಟರ್ ಹೋಸ್ ಒಳಗೊಳಗೇ ಸೋರುತ್ತಿದ್ದು, ಮಾಲೀಕರು ದಿನಾ ನೀರು ತುಂಬಿಸಿಯೇ ಓಡಿಸುತ್ತಿದ್ದರೆ? ಅದು ಅವರಿಗೆ ಗೊತ್ತಿದ್ದ ದೋಷ. ಗೊತ್ತಿರುವ, ಬಳಕೆಗೆ ಅಡ್ಡಿಯಾಗುವ ದೋಷವನ್ನು ಕೊಡುವಾಗಲೇ ಹೇಳಬೇಕು ಎನ್ನುತ್ತದೆ 150ನೇ ಕಲಂ. ಹೇಳದಿದ್ದರೆ ಅದರಿಂದ ನೇರವಾಗಿ ಆದ ಹಾನಿಗೆ ಅವರೇ ಹೊಣೆ. ಬಾಡಿಗೆಗೂ ಎರವಲಿಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ: ಬಾಡಿಗೆಗೆ ಕೊಟ್ಟವನು ತನಗೆ ಗೊತ್ತೇ ಇಲ್ಲದ ದೋಷಕ್ಕೂ ಉತ್ತರ ಕೊಡಬೇಕು, ಪುಕ್ಕಟೆ ಕೊಟ್ಟವನು ಗೊತ್ತಿದ್ದುದಕ್ಕೆ ಮಾತ್ರ. ಇಷ್ಟಾದರೂ ಮುಳ್ಳು ಕೆಂಪಿಗೆ ಹೋದದ್ದನ್ನು ನೋಡಿಯೂ ನೀವು ಓಡಿಸಿದ್ದರೆ, ನಷ್ಟ ಇಬ್ಬರಿಗೂ ಹಂಚಿಕೆಯಾಗುವುದೇ ನ್ಯಾಯ.

ಹಾಗಾಗಿ ಇವತ್ತು ಮಾಡಬೇಕಾದ ಕೆಲಸ ಜಗಳವಲ್ಲ. ಮಾಲೀಕರು ಎದುರಿಗಿಲ್ಲದೆ ಎಂಜಿನ್ ಬಿಚ್ಚಿಸಬೇಡಿ. ಇಬ್ಬರೂ ಒಪ್ಪುವ ಮೆಕ್ಯಾನಿಕ್ ಮುಂದೆ ಬಿಚ್ಚಿಸಿ, ಬೆಲ್ಟ್, ಹೋಸ್, ರೇಡಿಯೇಟರ್, ಡಿಪ್‌ಸ್ಟಿಕ್ ಇವುಗಳ ಫೋಟೋ ತೆಗೆಯಿರಿ. ಹೋಸಿನ ಸುತ್ತ ಹಳೇ ನೀರಿನ ಬಿಳಿ ಕಲೆ ಗಟ್ಟಿಯಾಗಿ ಅಂಟಿದ್ದರೆ ಸೋರಿಕೆ ಆ ದಿನದ್ದಲ್ಲ. ಬಿಚ್ಚಿದ ಭಾಗಗಳನ್ನು ಗುಜರಿಗೆ ಹಾಕದೆ ಎತ್ತಿಡಿ. ಹೋಗಲು ಕಾರಣವೇನು ಎಂಬುದನ್ನು ಎಸ್ಟಿಮೇಟಿನಲ್ಲೇ ಒಂದು ಸಾಲು ಬರೆಸಿ. ಆ ಒಂದು ಸಾಲು ಇಲ್ಲದ ಬಿಲ್ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ.

ಹೊಣೆ ನಿಮ್ಮದೇ ಎಂದು ತೀರ್ಮಾನವಾದರೂ 60 ಸಾವಿರ ಪೂರ್ತಿ ನಿಮ್ಮದಾಗಲೇಬೇಕೆಂದಿಲ್ಲ. ನೀವು ತುಂಬಿಕೊಡಬೇಕಾದದ್ದು ಅವರಿಗಾದ ನಷ್ಟವನ್ನು. ಎಂಜಿನ್ ಬಿಚ್ಚಿದ ನೆಪದಲ್ಲಿ ಆಗಲೇ ಸವೆದಿದ್ದ ಕ್ಲಚ್ ಪ್ಲೇಟನ್ನೂ ಬದಲಿಸಿದ್ದರೆ ಆ ಮೊತ್ತವನ್ನು ಕಳೆಯಿರಿ. ಇನ್ಶೂರೆನ್ಸ್ ಇದೆಯಲ್ಲ ಎಂದು ನಂಬಿ ಕೂರಬೇಡಿ. ಗಾಡಿ ಮಗುಚಿದರೆ, ಗುದ್ದಿದರೆ ಸ್ವಂತ ಹಾನಿಯ ಪಾಲಿಸಿ ಕೆಲಸಕ್ಕೆ ಬರುತ್ತದೆ. ಯಾಂತ್ರಿಕ ದೋಷವನ್ನು ಮಾಮೂಲು ಪಾಲಿಸಿ ಹೊರಗಿಡುತ್ತದೆ, ಸೀಜ್ ಆದ ಎಂಜಿನ್ ಸಾಮಾನ್ಯವಾಗಿ ಅದೇ ಲೆಕ್ಕಕ್ಕೆ ಹೋಗುತ್ತದೆ.

ಜೋಪಾನದ ಮಾತೇ ನಡೆಯದ ಸಂದರ್ಭಗಳೂ ಇವೆ. ಉಳಲು ಎಂದು ತಂದ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಇಟ್ಟಿಗೆ ಹೊಡೆದರೆ, ಆ ಹೊತ್ತಿನಲ್ಲಿ ಆದ ಯಾವ ಹಾನಿಗೂ ನೀವೇ ಹೊಣೆ, ಎಷ್ಟು ಹುಷಾರಾಗಿದ್ದರೂ ಸರಿ. ಇದು 154ನೇ ಕಲಂ. ನೀನು ಮಾತ್ರ ಸವಾರಿ ಮಾಡು ಎಂದು ಕೊಟ್ಟ ಕುದುರೆಯನ್ನು ಮನೆಯ ಇನ್ನೊಬ್ಬನಿಗೆ ಕೊಟ್ಟು, ಅವನು ಎಚ್ಚರದಿಂದ ಓಡಿಸಿಯೂ ಕುದುರೆ ಬಿದ್ದು ಗಾಯಗೊಂಡರೆ ಪಡೆದವನೇ ಹೊಣೆ ಎಂಬ ಉದಾಹರಣೆಯನ್ನು ಕಾಯ್ದೆಯೇ ಕೊಟ್ಟಿದೆ. ಇವತ್ತು ಕುದುರೆಯ ಜಾಗದಲ್ಲಿ ಬೈಕ್: ನಿಮಗೆಂದು ಕೊಟ್ಟ ಬೈಕನ್ನು ತಮ್ಮನ ಕೈಗೆ ಕೊಟ್ಟಿರಿ, ನಾಯಿ ಅಡ್ಡ ಬಂತು, ಫೋರ್ಕ್ ಬಾಗಿತು. ತಮ್ಮನ ತಪ್ಪಿರಲಿ ಬಿಡಲಿ, ಬಿಲ್ ನಿಮ್ಮದು. ಸಂಜೆಗೆ ಕೊಡುತ್ತೇನೆಂದು ತಂದು ನಿಮ್ಮ ತಪ್ಪಿನಿಂದಲೇ ಮನೆಯಲ್ಲಿ ಉಳಿಸಿಕೊಂಡ ಬೈಕು ರಾತ್ರಿ ಕಳುವಾದರೂ 161ನೇ ಕಲಂನಲ್ಲಿ ಹಾಗೆಯೇ.

ಬೈಕಿನ ವಿಷಯದಲ್ಲಿ ಇನ್ನೊಂದು ಅಪಾಯ ಜನರ ಗಮನಕ್ಕೆ ಬರುವುದಿಲ್ಲ. ಪಾಲಿಸಿಯ ಜೊತೆಗಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ, ಲೈಸೆನ್ಸ್ ಇದ್ದು ಗಾಡಿ ಓಡಿಸುವ ಮಾಲೀಕರಿಗೆ, ಎರವಲು ಪಡೆದವರಿಗಲ್ಲ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಎರವಲು ಬೈಕಿನಲ್ಲಿ ಹೋಗುತ್ತಿದ್ದವರು ಎತ್ತಿನ ಗಾಡಿಗೆ ಬಡಿದು ಸತ್ತರು. ಬೈಕ್ ಪಡೆದವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ, ಹಾಗಾಗಿ ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಂನಡಿ ಅವರ ಕುಟುಂಬಕ್ಕೆ ಪರಿಹಾರ ಸಲ್ಲದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಕೊಡುವವರೂ ಲೈಸೆನ್ಸ್ ನೋಡಿಯೇ ಕೀ ಕೊಡಬೇಕು. ಲೈಸೆನ್ಸ್ ಇಲ್ಲದವರಿಗೆ ಓಡಿಸಲು ಬಿಟ್ಟ ಮಾಲೀಕರಿಗೆ 180ನೇ ಕಲಂನಡಿ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಿಮೆಯೂ ಕೈತಪ್ಪುವ ಸಾಧ್ಯತೆ ಇದೆ.

ಸಣ್ಣ ಯಂತ್ರಗಳಿಗೂ ಇದೇ ಅಳತೆ. ಗ್ರೈಂಡರಿನ ಕಾರ್ಬನ್ ಬ್ರಷ್ ಸವೆದರೆ ಅದು ಸವಕಳಿ. ಕಳೆ ಕತ್ತರಿಸುವ ಟು-ಸ್ಟ್ರೋಕ್ ಯಂತ್ರಕ್ಕೆ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಪಿಸ್ಟನ್ ಹಿಡಿಸಿದರೆ ಅದು ಅಜಾಗರೂಕತೆ. ಲೀಟರಿಗೆ ಎಷ್ಟು ಆಯಿಲ್ ಎಂದು ತರುವಾಗಲೇ ಕೇಳಬೇಕಿತ್ತು.

ಒಪ್ಪಂದಕ್ಕೆ ಬಂದರೆ ಮೊತ್ತ, ಕಂತು, ತಾರೀಖು ಬರೆದು ಇಬ್ಬರೂ ಸಹಿ ಹಾಕಿ. ಬರದಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಇಡಬಹುದು, ಅದಕ್ಕೆ ಕೋರ್ಟ್ ಶುಲ್ಕ ಇಲ್ಲ. ನಷ್ಟ ಕೇಳಿ ದಾವೆ ಹಾಕಲು ಮಾಲೀಕರಿಗೆ ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ ಇರುವುದರಿಂದ, ಫೋಟೋಗಳನ್ನೂ ಬಿಚ್ಚಿದ ಭಾಗಗಳನ್ನೂ ಅಲ್ಲಿಯವರೆಗೆ ಇಟ್ಟುಕೊಳ್ಳಿ.