ಅಂಗಡಿಯಲ್ಲಿ ಬೂದು, ಗೋಡೆಯ ಮೇಲೆ ನೀಲಿ

"ಅಂಗಡಿಯಲ್ಲಿ ನೋಡಿದ್ದು ತಿಳಿ ಬೂದು. ಗೋಡೆಗೆ ಹಚ್ಚಿ ನೋಡಿದ್ರೆ ನೀಲಿ. ಬೇರೆ ಡಬ್ಬಿ ಕೊಟ್ಟುಬಿಟ್ಟಿದ್ದಾರೆ ಅನ್ಸುತ್ತೆ, ಸರ್."

ಮಲಗುವ ಕೋಣೆಗೆ ಬಣ್ಣ ಆರಿಸುತ್ತಿದ್ದ ಒಬ್ಬರು ನನಗೆ ಹೇಳಿದ ಮಾತು ಇದು. ಹೋಗಿ ನೋಡಿದೆ. ಡಬ್ಬಿಯ ಮೇಲಿನ ನಂಬರ್ ಶೇಡ್ ಕಾರ್ಡಿನ ನಂಬರ್‌ಗೆ ಸರಿಯಾಗಿಯೇ ಇತ್ತು. ಆದರೆ ಗೋಡೆಯ ಮೇಲಿನ ಪ್ಯಾಚ್ ನಿಜವಾಗಿಯೂ ನೀಲಿಯಾಗಿ ಕಾಣುತ್ತಿತ್ತು. ಅಂಗೈಯಷ್ಟು ಅಗಲ, ಒಂದೇ ಕೋಟ್, ಸುತ್ತಲೂ ಹಳೆಯ ಕೆನೆ ಬಣ್ಣ.

ಒಂದು ಬಿಳಿ ಹಾಳೆಯ ನಡುವೆ ಪ್ಯಾಚ್‌ಗಿಂತ ಚಿಕ್ಕದಾಗಿ ಒಂದು ಕಿಂಡಿ ಕತ್ತರಿಸಿ, ಅದರ ಮೇಲೆ ಹಿಡಿದೆ. ಕೆನೆ ಬಣ್ಣ ಮರೆಯಾಯಿತು. ನೀಲಿ ಬಹುಪಾಲು ಇಳಿದು ಬೂದು ಕಾಣಿಸಿತು. ಹಾಳೆ ತೆಗೆದರೆ ಮತ್ತೆ ನೀಲಿ! ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ್ದರ ಜೊತೆ ಹೋಲಿಸಿಯೇ ನೋಡುತ್ತದೆ. ಹಳದಿ ಕಡೆಗಿರುವ ಕೆನೆ ಬಣ್ಣದ ನಡುವೆ ಇಟ್ಟ ಬೂದು ಅದಕ್ಕೆ ಎದುರಾದ ನೀಲಿ ಕಡೆಗೆ ವಾಲಿದಂತೆ ಕಾಣುತ್ತದೆ. ಇದನ್ನು ನಂಬಿ ಇನ್ನೂ ಹಳದಿ ಬೆರೆತ ಬೂದು ಆರಿಸಿದರೆ ಏನಾಗುತ್ತದೆ ಗೊತ್ತಾ? ನಾಲ್ಕೂ ಗೋಡೆಗೆ ಹಚ್ಚಿದ ಮೇಲೆ ಆ ಕೆನೆ ಬಣ್ಣವೇ ಇರುವುದಿಲ್ಲ. ಉಳಿಯುವುದು ಮಣ್ಣು ಕಲಸಿದಂಥ ಬಣ್ಣ. ಪ್ಯಾಚ್ ನೋಡಿ ಮೋಸಹೋದವರಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

ಉಳಿದಿದ್ದ ಸ್ವಲ್ಪ ನೀಲಿಗೆ ಕಾರಣ ಬೆಳಕು. ಆ ಕೋಣೆಯ ಕಿಟಕಿಗೆ ನೇರ ಬಿಸಿಲು ಬರುವುದಿಲ್ಲ, ಬರುವುದು ಬರೀ ಆಕಾಶದ ಬೆಳಕು. ಅದರಲ್ಲಿ ನೀಲಿ ಜಾಸ್ತಿ. ರಾತ್ರಿ ಅಲ್ಲೇ ಉರಿಯುವುದು ಹಳದಿ ಎಲ್‌ಇಡಿ ಬಲ್ಬ್. ಬಲ್ಬಿನ ಪೆಟ್ಟಿಗೆ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ: 2700 ಅಂದರೆ ಹಳದಿ, 4000 ಅಂದರೆ ಹದವಾದ ಬಿಳಿ, 6500 ಅಂದರೆ ನೀಲಿ ಬೆರೆತ ಬಿಳಿ. ಅಂಗಡಿಯ ದೀಪ ಇದರಲ್ಲಿ ಯಾವುದೋ ಒಂದು, ನಿಮ್ಮ ಮನೆಯದು ಇನ್ನೊಂದು. ಹಾಗಾಗಿ ಪರದೆ ಬಟ್ಟೆಯ ತುಂಡನ್ನು ಅಂಗಡಿಗೆ ಒಯ್ದು ಅಲ್ಲೇ ಹೊಂದಿಸಿದರೆ ಸಾಲದು. ಬಟ್ಟೆಯ ಬಣ್ಣ ಬೇರೆ, ಪೇಂಟಿನ ಬಣ್ಣದ ಪುಡಿ ಬೇರೆ. ಒಂದು ದೀಪದಡಿ ಅವಳಿಗಳಂತಿದ್ದವು ಇನ್ನೊಂದು ದೀಪದಡಿ ಬೇರೆ ಬೇರೆಯಾಗಿ ಕಾಣಬಹುದು.

ಅದಕ್ಕೇ ನಾನು ಗೋಡೆಗೆ ನೇರವಾಗಿ ಪ್ಯಾಚ್ ಹಚ್ಚುವುದಿಲ್ಲ. ಸುಮಾರು ಎರಡು ಅಡಿ ಉದ್ದ, ಎರಡು ಅಡಿ ಅಗಲದ ಹಾರ್ಡ್‌ಬೋರ್ಡ್ ತೆಗೆದುಕೊಂಡು ಮೊದಲು ಬಿಳಿ ಪ್ರೈಮರ್ ಹಚ್ಚುತ್ತೇನೆ. ಅದು ಒಣಗಿದ ಮೇಲೆ ರೋಲರ್‌ನಲ್ಲಿ ಎರಡು ಕೋಟ್. ಅಂಚಿನಲ್ಲಿ ಎರಡು ಇಂಚು ಬಿಳಿ ಬಿಡುತ್ತೇನೆ, ಹಳೆ ಗೋಡೆಯ ಬಣ್ಣ ಪಕ್ಕಕ್ಕೆ ತಾಗದಿರಲಿ ಅಂತ. ಈ ಬಿಳಿ ಅಂಚಿನಿಂದ ತಿಳಿ ಬಣ್ಣ ಒಂದು ಚೂರು ಗಾಢವಾಗಿ ಕಾಣುತ್ತದೆ, ಅದು ನೆನಪಿರಲಿ. ಗೋಡೆಗೆ ಮ್ಯಾಟ್ ಹಚ್ಚುವುದಾದರೆ ಬೋರ್ಡಿಗೂ ಮ್ಯಾಟೇ ಬೇಕು, ಹೊಳಪಿರುವ ಪೇಂಟ್ ಬೆಳಕನ್ನು ಬೇರೆ ರೀತಿ ಚೆಲ್ಲುತ್ತದೆ. ಹಸಿಯಾಗಿದ್ದಾಗ ತೀರ್ಮಾನ ಬೇಡ. ಎಮಲ್ಷನ್ ಹಸಿಯಲ್ಲಿ ಹಾಲು ಬೆರೆತಂತೆ ಇದ್ದು, ಒಣಗಿದಾಗ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ. ಒಂದು ದಿನ ಬಿಡಿ.

ಆಮೇಲೆ ಬೋರ್ಡನ್ನು ಗೋಡೆಗೆ ಒತ್ತಿ ನೆಟ್ಟಗೆ ನಿಲ್ಲಿಸಿ ನೋಡಬೇಕು. ಹಾಸಿಗೆ ಮೇಲೆ ಮಲಗಿಸಿ ನೋಡಿದರೆ ಮೇಲಿನ ದೀಪದ ಬೆಳಕು ನೇರ ಬಿದ್ದು, ಬಣ್ಣ ತಿಳಿಯಾಗಿಬಿಡುತ್ತದೆ. ಕಿಟಕಿ ಪಕ್ಕದ ಗೋಡೆಗೊಮ್ಮೆ, ಕಿಟಕಿಗೆ ಎದುರಿನ ಗೋಡೆಗೊಮ್ಮೆ ಒರಗಿಸಿ. ಬೆಳಿಗ್ಗೆ, ಮಧ್ಯಾಹ್ನ, ಮತ್ತೆ ದೀಪ ಹಾಕಿದ ಮೇಲೆ ನೋಡಿ. ಗಾಢ ಬಣ್ಣವಾದರೆ ಇಂಥ ಎರಡು ಬೋರ್ಡ್ ಮಾಡಿ, ಮೂಲೆಯಲ್ಲಿ ಒಂದಕ್ಕೊಂದು ಅಡ್ಡವಾಗಿ ನಿಲ್ಲಿಸಿ. ಒಂದರಿಂದ ಹೊರಟ ಬಣ್ಣದ ಬೆಳಕು ಇನ್ನೊಂದರ ಮೇಲೆ ಬಿದ್ದು, ಮೂಲೆಯಲ್ಲಿ ಬಣ್ಣ ಇನ್ನಷ್ಟು ತುಂಬಿಕೊಳ್ಳುತ್ತದೆ. ಇಡೀ ಕೋಣೆಯಲ್ಲಿ ಆಗುವುದೂ ಅದೇ. ಕಾರ್ಡಿನ ಚಿಕ್ಕ ಚೌಕದಲ್ಲಿ ಇದು ಕಾಣುವುದೇ ಇಲ್ಲ.

ಆ ಮನೆಯವರು ಅಷ್ಟರಲ್ಲಿ ಹಳದಿ ಬೆರೆತ ಇನ್ನೊಂದು ಬೂದು ಬಣ್ಣದ ಸ್ಯಾಂಪಲ್ ತಂದಿದ್ದರು. ಎರಡಕ್ಕೂ ಬೋರ್ಡ್ ಮಾಡಿದೆವು. ಹಗಲಿನಲ್ಲಿ ಮೊದಲಿನದೇ ತಿಳಿ ಬೂದಾಗಿ ಕಂಡಿತು, ಎರಡನೆಯದು ಮಾಸಿದ ಬಟ್ಟೆಯಂತೆ. ರಾತ್ರಿ ಮಾತ್ರ ಮೊದಲಿನದೂ ಹಳದಿಗೆ ತಿರುಗುತ್ತಿತ್ತು. ಅದಕ್ಕೆ ಪೇಂಟ್ ಬದಲಿಸಲಿಲ್ಲ. 2700ರ ಬಲ್ಬ್ ತೆಗೆದು 4000ದ್ದು ಹಾಕಿ ಮತ್ತೊಮ್ಮೆ ಬೋರ್ಡ್ ನಿಲ್ಲಿಸಿದೆವು. "ಅಂಗಡಿಯಲ್ಲಿ ನೋಡಿದ್ದು ಇದೇ ಅಲ್ವಾ!" ಅಂದರು. ಮೊದಲು ತಂದ ಡಬ್ಬಿಯನ್ನೇ ತೆರೆದೆವು.