ಕೆಳಗೆ ನೋಡಿದರೆ ಮಾಯವಾಗುವ ದೀಪ

ಗೇಮ್‌ನಲ್ಲಿ ಆಗಷ್ಟೇ ಮಳೆ ನಿಂತ ರಸ್ತೆ. ಮುಂದೆ ಒಂದು ಬೀದಿದೀಪ, ಅದರ ಬಿಂಬ ಕೆಳಗಿನ ನೀರಿನಲ್ಲಿ. ಮೌಸ್ ಸ್ವಲ್ಪ ಎಳೆದು ನೀರಿನ ಕಡೆಗೇ ನೋಡಿ. ದೀಪ ಸ್ಕ್ರೀನಿನ ಮೇಲಂಚು ದಾಟಿ ಹೋಗುತ್ತದೆ. ಅದರ ಜೊತೆಗೇ ನೀರಿನಲ್ಲಿದ್ದ ಬಿಂಬವೂ ಮಾಯ. ನೀರು ಇನ್ನೂ ಕಣ್ಣ ಮುಂದೇ ಇದೆ, ಅಲ್ವಾ? ಹಾಗಿದ್ದರೆ ಬಿಂಬ ಎಲ್ಲಿ ಹೋಯಿತು?

ಗೇಮ್‌ಗಳಲ್ಲಿ ಬಿಂಬ ತೋರಿಸುವ ತಂತ್ರದ ಬೇರು ಹಳೆಯದು. 1976ರಲ್ಲಿ ಗ್ರಾಫಿಕ್ಸ್ ಸಂಶೋಧಕರಾದ ಬ್ಲಿನ್ ಮತ್ತು ನೆವೆಲ್ ಸುತ್ತಲಿನ ದೃಶ್ಯವನ್ನು ಮೊದಲೇ ಒಂದು ಚಿತ್ರವಾಗಿಸಿಟ್ಟುಕೊಂಡು, ಹೊಳೆಯುವ ವಸ್ತುವಿನ ಮೇಲೆ ಅದನ್ನೇ ಬಿಂಬವಾಗಿ ತೋರಿಸುವ ದಾರಿ ಕಂಡುಕೊಂಡರು. ಇವತ್ತಿನ ರಿಫ್ಲೆಕ್ಷನ್ ಪ್ರೋಬ್ ಅದರದೇ ಮುಂದುವರಿಕೆ. ಒಂದು ಜಾಗದಲ್ಲಿ ನಿಂತು ಆರೂ ದಿಕ್ಕಿಗೆ ತೆಗೆದ ಚಿತ್ರಗಳೇ ಕ್ಯೂಬ್‌ಮ್ಯಾಪ್. ಅದು ಅಗ್ಗ, ಎಲ್ಲ ದಿಕ್ಕಿನ ಮಾಹಿತಿಯೂ ಅದರಲ್ಲಿದೆ. ಆದರೆ ಚಿತ್ರ ತೆಗೆದ ಬಿಂದುವಿನಿಂದ ದೂರ ಸರಿದಷ್ಟೂ ಬಿಂಬ ತಪ್ಪು ಜಾಗದಲ್ಲಿ ಕೂರುತ್ತದೆ.

2011ರ ಜೂನ್‌ನಲ್ಲಿ ಕ್ರೈಸಿಸ್ 2 ಗೇಮ್‌ಗೆ ಬಂದ ಡೈರೆಕ್ಟ್‌ಎಕ್ಸ್ 11 ಪ್ಯಾಚ್ ಬೇರೆ ದಾರಿ ಹಿಡಿಯಿತು. ಈಗಾಗಲೇ ಬರೆದು ಮುಗಿಸಿದ ಚಿತ್ರ ಇದೆ, ಪ್ರತಿ ಪಿಕ್ಸೆಲ್ ಎಷ್ಟು ದೂರದಲ್ಲಿದೆ ಎಂದು ಹೇಳುವ ಡೆಪ್ತ್ ಬಫರ್ ಇದೆ. ನೀರಿನ ಪಿಕ್ಸೆಲ್‌ನಿಂದ ಪ್ರತಿಫಲಿಸುವ ಕಿರಣವನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ಸಾಗಿಸಬೇಕು. ಯಾವ ಹೆಜ್ಜೆಯಲ್ಲಿ ಅದು ಡೆಪ್ತ್ ಬಫರ್ ಹೇಳುವ ಮೇಲ್ಮೈಯ ಹಿಂದೆ ಹೋಯಿತೋ ಅಲ್ಲಿ ತಾಗಿತು ಎಂದು ಲೆಕ್ಕ. ಆ ಜಾಗದ ಬಣ್ಣವೇ ಬಿಂಬ. ಇದೇ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್, ಎಸ್‌ಎಸ್‌ಆರ್.

ಸ್ಕ್ರೀನಿನಲ್ಲಿ ಇಲ್ಲದ್ದು ಈ ಲೆಕ್ಕಕ್ಕೆ ಇಲ್ಲವೇ ಇಲ್ಲ. ದೀಪ ಮಾಯವಾಗುವುದು ಅದಕ್ಕೇ. ಕ್ರೈಸಿಸ್ 2 ಮಾಡಿದ ಕ್ರೈಟೆಕ್‌ನವರು ಅದೇ ವರ್ಷದ ಗ್ರಾಫಿಕ್ಸ್ ಸಮ್ಮೇಳನ ಸಿಗ್ರಾಫ್‌ನಲ್ಲಿ ತಮ್ಮ ವಿಧಾನ ವಿವರಿಸುವಾಗಲೇ, ಅಂಚಿನ ಹತ್ತಿರ ಬಿಂಬವನ್ನು ಮೆಲ್ಲಗೆ ಮಸುಕು ಮಾಡಿ ಎಂದಿದ್ದರು. ಮಸುಕು ಮಾಡಿದ ಮೇಲೆ ಆ ಜಾಗ ತುಂಬುವುದು ಯಾರು? ಅದಕ್ಕೆ ಪ್ರೋಬ್ ವಾಪಸ್ ಬರಬೇಕಾಯಿತು. 2013ರ ಕಿಲ್‌ಝೋನ್ ಶ್ಯಾಡೋ ಫಾಲ್‌ನಲ್ಲಿ ಎಸ್‌ಎಸ್‌ಆರ್ ಕೈಕೊಟ್ಟ ಕಡೆ ಸ್ಥಳೀಯ ಕ್ಯೂಬ್‌ಮ್ಯಾಪ್ ಬರುತ್ತಿತ್ತು.

ಈ ಕೈಬದಲಾವಣೆಯ ತಿರುಳು ನಾಲ್ಕೇ ಸಾಲು, ಇದರಲ್ಲಿ `w` ಅಂದರೆ ಎಸ್‌ಎಸ್‌ಆರ್ ಬಣ್ಣದ ಪಾಲು:

```
float2 d = min(hitUV, 1.0 - hitUV);
float2 f = smoothstep(0.0, 0.1, d);
float w = hit ? f.x * f.y : 0.0;
color = lerp(probe, ssr, w);
```

ದೀಪದ ಲೆಕ್ಕವನ್ನೇ ಹಾಕೋಣ. 1080 ಸಾಲುಗಳ ಸ್ಕ್ರೀನಿನಲ್ಲಿ 0.1 ಅಂದರೆ 108 ಸಾಲು. ದೀಪದ ಹೊಳಪು 8, ಅದೇ ದಿಕ್ಕಿನಲ್ಲಿ ಪ್ರೋಬ್ ಕೊಡುವ ಹೊಳಪು 1.5 ಇರಲಿ. ಕಿರಣ ಅಂಚಿನಿಂದ 54 ಸಾಲು ಒಳಗೆ ತಾಗಿದರೆ `w` 0.5, ಬಿಂಬದ ಹೊಳಪು 4.75. ಸುಮಾರು 22 ಸಾಲು ಉಳಿದಾಗ `w` 0.1ರ ಆಸುಪಾಸು, ಹೊಳಪು 2.2ರ ಹತ್ತಿರ. ಅಂಚಿನ ಈ ಮಸುಕಿನ ಪಟ್ಟಿ ಇಲ್ಲದಿದ್ದರೆ 8ರಿಂದ 1.5ಕ್ಕೆ ಒಂದೇ ಪಿಕ್ಸೆಲ್‌ನಲ್ಲಿ ಬೀಳುತ್ತಿತ್ತು. ನೀರಿನ ಮೇಲೆ ಬ್ಲೇಡಿನಿಂದ ಕೊಯ್ದ ಹಾಗೆ ಗೆರೆ ಕಾಣುತ್ತಿತ್ತು.

ಗಮನಿಸಿ, `hitUV` ಎಂದರೆ ಕಿರಣ ತಾಗಿದ ಜಾಗ, ನೀರಿನ ಪಿಕ್ಸೆಲ್ ಇರುವ ಜಾಗ ಅಲ್ಲ. ಮೊದಲ ಸಲ ಬರೆದಾಗ ನಾನು ಎಡವಿದ್ದೇ ಇಲ್ಲಿ. ನೀರಿನ ಪಿಕ್ಸೆಲ್‌ನ ಜಾಗ ಹಿಡಿದು ಮಸುಕು ಮಾಡಿದ್ದೆ. ಸ್ಕ್ರೀನಿನ ಕೆಳಗಂಚಿನ ಒಳ್ಳೆಯ ಬಿಂಬಗಳು ಸುಮ್ನೆ ಮಸುಕಾದವು, ಮಧ್ಯದ ನೀರಿನಲ್ಲಿ ಗೆರೆ ಹಾಗೇ ಉಳಿಯಿತು. `w` ಒಂದನ್ನೇ ಕಪ್ಪು ಬಿಳುಪಾಗಿ ಸ್ಕ್ರೀನಿಗೆ ಬರೆಸಿದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ನಾಲ್ಕೂ ಅಂಚಿಗೆ ಚೌಕಟ್ಟು ಕಟ್ಟಿದ ಹಾಗೆ ಕಪ್ಪು ಕಂಡರೆ ಇದೇ ತಪ್ಪು ಎಂದು ತಿಳಿಯಿರಿ.

ಇನ್ನೊಂದು ತಪ್ಪು, ಎಸ್‌ಎಸ್‌ಆರ್ ಬಣ್ಣವನ್ನು ಪ್ರೋಬ್ ಬಣ್ಣದ ಮೇಲೆ ಕೂಡಿಸುವುದು. ಆಗ ಒಂದೇ ದೀಪದ ಬೆಳಕು ಎರಡು ಸಲ ಸೇರುತ್ತದೆ. ಒಂದು ಎಷ್ಟು ಬಂತೋ ಇನ್ನೊಂದು ಅಷ್ಟು ಹೋಗಬೇಕು, `lerp` ಇರುವುದು ಅದಕ್ಕೇ.

ಆದರೆ ಪ್ರೋಬ್‌ನಲ್ಲಿ ದೀಪ ಬೇರೆ ಜಾಗದಲ್ಲಿದ್ದರೆ ಮೆಲ್ಲಗೆ ಬದಲಾಯಿಸಿಯೂ ಲಾಭವಿಲ್ಲ. ಬದಲಾಗುವ ಪಟ್ಟಿಯಲ್ಲಿ ಎರಡು ಮಸುಕು ದೀಪಗಳು ಅಕ್ಕಪಕ್ಕ ಕಾಣುತ್ತವೆ. 2012ರಲ್ಲಿ ಸೆಬಾಸ್ಟಿಯನ್ ಲಗಾರ್ಡ್ ಮತ್ತು ಆಂಟೊಯಿನ್ ಜನುಟಿನಿ ವಿವರಿಸಿದ ಪ್ಯಾರಲ್ಯಾಕ್ಸ್ ತಿದ್ದುಪಡಿ ಇಲ್ಲಿ ಕೈಹಿಡಿಯುತ್ತದೆ. ಪ್ರೋಬ್ ಸುತ್ತ ಕೋಣೆಯ ಅಳತೆಯ ಒಂದು ಪೆಟ್ಟಿಗೆ ಇದೆ ಎಂದುಕೊಂಡು, ಕಿರಣ ಅದರ ಗೋಡೆಗೆ ಎಲ್ಲಿ ತಾಗುತ್ತದೆ ನೋಡಿ, ಪ್ರೋಬ್‌ನ ನಡುವಿನಿಂದ ಆ ಬಿಂದುವಿನ ಕಡೆಗಿರುವ ಬಣ್ಣ ತೆಗೆದುಕೊಳ್ಳುವುದು. ಪೆಟ್ಟಿಗೆಯಂಥ ಕೋಣೆ, ಕಾರಿಡಾರ್‌ಗಳಲ್ಲಿ ಎರಡೂ ಬಿಂಬ ಒಂದರ ಮೇಲೊಂದು ಕೂರುತ್ತವೆ. ರಸ್ತೆ ನಡುವಿನ ದೀಪದ ಕಂಬಕ್ಕೆ ಅಷ್ಟು ಚೆನ್ನಾಗಿ ಕೂರುವುದಿಲ್ಲ, ಯಾಕೆಂದರೆ ಕಂಬ ಗೋಡೆಗೆ ಅಂಟಿಕೊಂಡಿಲ್ಲ.

ಪಟ್ಟಿಯನ್ನು ಜಾಸ್ತಿ ಅಗಲ ಮಾಡೋಣ ಅನ್ನಿಸಬಹುದು. ಮಾಡಿದರೆ ಸರಿಯಾಗಿದ್ದ ಬಿಂಬವನ್ನೂ ಬಿಟ್ಟುಕೊಟ್ಟಂತೆ. ನಾನು 0.1ರಿಂದ ಶುರು ಮಾಡಿ, ಕ್ಯಾಮೆರಾ ಜೋರಾಗಿ ಆಡಿಸಿ ನೋಡಿ ಕೂರಿಸುತ್ತೇನೆ.

2018ರಲ್ಲಿ ಬ್ಯಾಟಲ್‌ಫೀಲ್ಡ್ V ರೇ ಟ್ರೇಸಿಂಗ್‌ನಿಂದ ಸ್ಕ್ರೀನಿನ ಹೊರಗಿನದನ್ನೂ ಬಿಂಬದಲ್ಲಿ ತೋರಿಸಿತು. ಹಾಗಂತ ಹಳೆಯ ದಾರಿ ಮುಚ್ಚಲಿಲ್ಲ. ಅನ್‌ರಿಯಲ್ 5 ಗೇಮ್ ಎಂಜಿನ್‌ನ ಬೆಳಕಿನ ವ್ಯವಸ್ಥೆಯಾದ ಲ್ಯೂಮೆನ್ ಕೂಡ ಮೊದಲು ಸ್ಕ್ರೀನಿನಲ್ಲೇ ಕಿರಣ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಬೇರೆ ದಾರಿ. ಮೊದಲೇ ತೆಗೆದಿಟ್ಟ ಪ್ರೋಬ್‌ಗಳನ್ನೇ ನಂಬಿದ ಗೇಮ್‌ಗಳಲ್ಲಿ ಓಡುವ ಕಾರಿನ ತೊಂದರೆ ಇವತ್ತಿಗೂ ಇದೆ. ಪ್ರೋಬ್ ತೆಗೆದಾಗ ಆ ಕಾರು ಅಲ್ಲಿರಲಿಲ್ಲ. ಕಾರು ಮೇಲಂಚು ದಾಟಿದರೆ ಅದರ ಬಿಂಬ ಎಷ್ಟೇ ಮೆಲ್ಲಗೆ ಕರಗಿದರೂ ಕರಗುವುದು ಖಾಲಿ ರಸ್ತೆಯೊಳಗೇ.