ಕಾಫಿ ಸರಪಳಿಯ ನಕ್ಷೆಯಲ್ಲಿ ಕಾಫಿ ಬೋರ್ಡ್‌ಗೆ ಯಾವ ಜಾಗ?

ಪ್ರಶ್ನೆ: ಸರ್, ನಾವು ಬಳ್ಳಾರಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇವೆ. ತೋಟದಿಂದ ರಫ್ತುದಾರರವರೆಗೆ ಕಾಫಿಯ ಸರಬರಾಜು ಸರಪಳಿ ಅಂತ ಪ್ರಾಜೆಕ್ಟ್ ಸಿಕ್ಕಿದೆ. ಬೆಳೆಗಾರ, ಕಾಫಿ ಬೋರ್ಡ್, ಹರಾಜು, ರಫ್ತುದಾರ ಎಂದು ನಾಲ್ಕು ಹಂತ ಬರೆದಿದ್ದೇವೆ. ಅಡಚಣೆ ಎಂಬಲ್ಲಿ ಮಧ್ಯವರ್ತಿಗಳ ಶೋಷಣೆ ಅಂತ ಬರೆದರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಅದಕ್ಕಿಂತ ಮುಂಚೆ ಎರಡನೇ ಚೌಕವನ್ನು, ಅಂದರೆ ಕಾಫಿ ಬೋರ್ಡನ್ನು, ಅಳಿಸಿ. ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲಿಂದ ಬಂದ ವರದಿ ತೆಗೆದರೂ ಇದೇ ಚಿತ್ರ, ಅದೇ ಎರಡನೇ ಚೌಕ. ಎಷ್ಟು ಸಲ ಹೇಳಿದರೂ ಮುಂದಿನ ವರ್ಷದ ವರದಿಯಲ್ಲಿ ಅದು ಮತ್ತೆ ಬಂದು ಕೂತಿರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಕಾಫಿ ಬೋರ್ಡ್ ಬೆಳೆಗಾರರಿಂದ ಕಾಫಿ ಕೊಳ್ಳುವುದಿಲ್ಲ. ಒಂದು ಕಾಲಕ್ಕೆ ಮಾರಾಟ ಪೂರ್ತಿ ಅದರ ಕೈಯಲ್ಲಿತ್ತು ಎಂಬುದು ನಿಜ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ತಮ್ಮ ಬೆಳೆಯನ್ನು ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ಮನೆ ಬಳಕೆಗೆ, ಬಿತ್ತನೆಗೆ ಇಟ್ಟುಕೊಳ್ಳುವುದಕ್ಕೂ ಮಿತಿ ಇತ್ತು. ಎಲ್ಲರ ಕಾಫಿ ಒಂದೇ ರಾಶಿಗೆ ಸೇರಿ, ರಫ್ತಿಗೆ ಬೇರೆ, ದೇಶದೊಳಗಿನ ಮಾರಾಟಕ್ಕೆ ಬೇರೆ ಹರಾಜು ನಡೆಯುತ್ತಿತ್ತು. ಬೆಳೆಗಾರನಿಗೆ ಮೊದಲು ಒಂದಿಷ್ಟು ಮುಂಗಡ ಬರುತ್ತಿತ್ತು, ಉಳಿದದ್ದು ಕಂತಿನಲ್ಲಿ. ಈ ಕಟ್ಟು 1992ರಿಂದ ಸಡಿಲವಾಗುತ್ತ ಬಂತು. ಮೊದಲು ಬೆಳೆಯ ಒಂದು ಪಾಲನ್ನು ದೇಶದೊಳಗೆ ತಾವೇ ಮಾರುವ ಅವಕಾಶ ಸಿಕ್ಕಿತು, ನಂತರ ಯಾರಿಗೆ ಬೇಕಾದರೂ ಮಾರುವ ಪಾಲು ಬೆಳೆಯಿತು, 1996ರಲ್ಲಿ ಪೂಲ್ ಮುಗಿದೇಹೋಯಿತು. ಈ ವರದಿ ಬರೆಯುತ್ತಿರುವ ವಿದ್ಯಾರ್ಥಿಗಳು ಹುಟ್ಟುವ ಮುಂಚೆಯೇ ನಿಂತುಹೋದ ವ್ಯವಸ್ಥೆ ಅದು. ಹಳೆಯ ಗೈಡುಗಳಲ್ಲಿ ಮಾತ್ರ ಇನ್ನೂ ಜೀವಂತವಾಗಿದೆ.

ಈ ತಪ್ಪು ನಮ್ಮ ಜಿಲ್ಲೆಗಳಲ್ಲಿ ಸುಲಭವಾಗಿ ಬೇರೂರುವುದಕ್ಕೆ ಇನ್ನೊಂದು ಕಾರಣವೂ ಇದೆ. ರಾಯಚೂರಿನಲ್ಲಿ ಹತ್ತಿ ಮಾರುವುದನ್ನು ನೋಡಿ ಬೆಳೆದವರಿಗೆ ಎಪಿಎಂಸಿ ಪ್ರಾಂಗಣ, ದಲಾಲಿ ಅಂಗಡಿ, ಟೆಂಡರು, ದರ ಬಿದ್ದಾಗ ಬೆಂಬಲ ಬೆಲೆಗೆ ಕೊಳ್ಳುವ ಭಾರತೀಯ ಹತ್ತಿ ನಿಗಮ ಎಲ್ಲವೂ ಗೊತ್ತು. ಕಾಫಿಗೂ ಹೀಗೆಯೇ ಸರ್ಕಾರದ ಒಂದು ಕೈ ಇರಬೇಕು, ಅದೇ ಕಾಫಿ ಬೋರ್ಡ್ ಎಂದುಕೊಳ್ಳುತ್ತಾರೆ. ಆದರೆ ಕಾಫಿ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ರೊಬಸ್ಟಾದ ದರಕ್ಕೆ ಲಂಡನ್ ಪೇಟೆ ದಿಕ್ಕು, ಅರೇಬಿಕಾಕ್ಕೆ ನ್ಯೂಯಾರ್ಕ್. ಅಲ್ಲಿ ಇಳಿದರೆ ಮೂಡಿಗೆರೆಯ ವ್ಯಾಪಾರಿ ಮರುದಿನ ಇಳಿಸಿದ ದರವನ್ನೇ ಹೇಳುತ್ತಾನೆ. ಎತ್ತಿ ಹಿಡಿಯುವ ಸರ್ಕಾರಿ ಖರೀದಿದಾರ ಯಾರೂ ಇಲ್ಲ.

ಹರಾಜು ಎಂಬ ಮಾತೂ ಗೊಂದಲಕ್ಕೆ ಎಡೆ ಮಾಡಿದೆ. ಬೆಂಗಳೂರಿನಲ್ಲಿ ಕಾಫಿ ವ್ಯಾಪಾರಿಗಳ ಸಂಘದ ಹರಾಜು ಇರುವುದು ಹೌದು. ಆದರೆ ಅದು ವ್ಯಾಪಾರಿಗಳದ್ದು, ಅಲ್ಲಿಗೆ ತಂದೇ ತೀರಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. ತೋಟದಿಂದ ಬಂದರಿಗೆ ಹೋಗುವ ದಾರಿಯಲ್ಲಿ ಅದನ್ನು ಎಲ್ಲರೂ ದಾಟುವ ಹಂತವಾಗಿ ಬರೆಯಬೇಡಿ.

ಹಾಗಾದರೆ ಬೋರ್ಡ್ ಇಂದು ಏನು ಮಾಡುತ್ತದೆ? ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಅದರದ್ದು. ತಳಿ, ರೋಗ, ಕೀಟದ ಕೆಲಸ ಅಲ್ಲಿ. ವಿಸ್ತರಣಾಧಿಕಾರಿಗಳು ತೋಟಗಳಿಗೆ ಹೋಗುತ್ತಾರೆ, ಕಣಕ್ಕೆ, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರಕ್ಕೆ ಸಹಾಯಧನ ಬರುತ್ತದೆ, ರಫ್ತುದಾರರ ನೋಂದಣಿ ಅಲ್ಲಿ ಆಗುತ್ತದೆ, ಸರಕು ಯಾವ ದೇಶದ್ದೆಂದು ಹೇಳುವ, ಅದರ ಜೊತೆ ಹೋಗುವ ಮೂಲ ಪ್ರಮಾಣಪತ್ರ ಅಲ್ಲಿಂದ ಬರುತ್ತದೆ. ಇವೆಲ್ಲ ಕಾಗದ, ಜ್ಞಾನ, ಹಣದ ಸಹಾಯ. ಒಂದು ಚೀಲ ಕಾಫಿಯೂ ಬೋರ್ಡಿನ ಕೈಗೆ ಹೋಗುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ ಬೋರ್ಡನ್ನು ಸರಪಳಿಯ ಪಕ್ಕಕ್ಕೆ ಇಟ್ಟು ಚುಕ್ಕೆಗೆರೆಯಿಂದ ಜೋಡಿಸಿ. ನಂಬಿಕೆ ಬಾರದಿದ್ದರೆ ಯಾವುದಾದರೂ ಬೆಳೆಗಾರರ ಮಾರಾಟದ ಚೀಟಿಯ ಒಂದು ನಕಲು ಕೇಳಿ ತರಿಸಿಕೊಳ್ಳಿ. ಕೊಂಡವರ ಹೆಸರಿನ ಜಾಗದಲ್ಲಿ ವ್ಯಾಪಾರಿಯ ಹೆಸರೋ ರಫ್ತು ಕಂಪನಿಯ ಹೆಸರೋ ಇರುತ್ತದೆ.

ಇನ್ನು ನಿಜವಾದ ಸರಪಳಿ. ಎಲ್ಲ ಬಗೆಯನ್ನೂ ಒಂದೇ ನಕ್ಷೆಗೆ ತುರುಕಬೇಡಿ. ರೊಬಸ್ಟಾ ಚೆರ್ರಿ, ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಇದೊಂದನ್ನೇ ಹಿಡಿಯಿರಿ. ಪ್ರತಿ ಹಂತದಲ್ಲೂ ಮೂರು ಸಂಗತಿ ಬರೆಯಿರಿ: ಎಷ್ಟು ತೂಕ ಬಂತು, ಎಷ್ಟು ದಿನ ನಿಂತಿತು, ಆ ದಿನಗಳಲ್ಲಿ ಸರಕು ಯಾರದ್ದಾಗಿತ್ತು.

ಸಕಲೇಶಪುರದ ಕಡೆಯ ಒಬ್ಬ ಸಣ್ಣ ಬೆಳೆಗಾರರನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅವರಿಗೆ ಒಟ್ಟು 12 ಟನ್ ಹಣ್ಣು ಬರುತ್ತದೆ, ಒಣಗಿದ ಮೇಲೆ ಸುಮಾರು 5 ಟನ್, 50 ಕೆ.ಜಿ.ಯ 100 ಚೀಲ. ಅವರ ಕಣದಲ್ಲಿ ಒಂದು ಸಲಕ್ಕೆ 4 ಟನ್ ಹಣ್ಣು ಹರವಬಹುದು ಎನ್ನಿ. ಬಿಸಿಲು ಚೆನ್ನಾಗಿದ್ದರೂ ಚೆರ್ರಿ ಒಣಗಲು 12ರಿಂದ 15 ದಿನ ಬೇಕು. ಅಂದರೆ ಮೂರು ಸುತ್ತು, 36ರಿಂದ 45 ದಿನ. ಆಳುಗಳು ಎಷ್ಟೇ ಜನ ಬರಲಿ, ಇದಕ್ಕಿಂತ ಬೇಗ ಕೊಯ್ದು ಒಣಗಿಸಿ ಮುಗಿಸಲಾಗುವುದಿಲ್ಲ, ಏಕೆಂದರೆ ಕೊಯ್ದ ಹಣ್ಣು ಹರವಲು ಜಾಗವಿಲ್ಲ. ಚೀಲದಲ್ಲಿ ಇಟ್ಟರೆ ಹುದುಗಿ ಕಾವೇರುತ್ತದೆ, ದಪ್ಪಗೆ ಹರವಿದರೆ ಬೂಷ್ಟು ಹಿಡಿಯುತ್ತದೆ. ಜನವರಿಯಲ್ಲಿ ಅಕಾಲಿಕ ಮಳೆ ಬಂದರಂತೂ ಕಣದಲ್ಲಿದ್ದದ್ದು ಮತ್ತೆ ನೆನೆಯುತ್ತದೆ, ಗಿಡದಲ್ಲಿದ್ದದ್ದು ಹಣ್ಣಾಗಿ ಉದುರುತ್ತದೆ, ಉದುರಿದ ಹಣ್ಣಿನಲ್ಲಿ ಕಾಯಿಕೊರಕ ಹುಳು ಮುಂದಿನ ವರ್ಷಕ್ಕೆ ಉಳಿದುಕೊಳ್ಳುತ್ತದೆ. ವರದಿಗಳೆಲ್ಲ ಕಾರ್ಮಿಕರ ಕೊರತೆ ಎಂದು ಬರೆದು ಮುಗಿಸುತ್ತವೆ. ಕೊರತೆ ಇರುವುದು ಸುಳ್ಳಲ್ಲ. ಆದರೆ ಈ ತೋಟದಲ್ಲಿ ವೇಗವನ್ನು ನಿರ್ಧರಿಸುತ್ತಿರುವುದು ಕಣ. ಲೆಕ್ಕ ಹಾಕದೆ ಇದು ಕಾಣುವುದಿಲ್ಲ.

ಎರಡನೇ ಇಕ್ಕಟ್ಟು ಮಾರಾಟದ ದಿನದ್ದು. ರೊಬಸ್ಟಾ ಚೆರ್ರಿಗೆ ಒಪ್ಪಿತ ತೇವಾಂಶ ಶೇ. 11. ಮುಷ್ಟಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ಬೀಜ ಗಿಲಗಿಲ ಎಂದರೆ ಒಣಗಿದೆ ಎಂಬುದು ತೋಟದ ಪರೀಕ್ಷೆ. ವ್ಯಾಪಾರಿ ಮೀಟರು ಇಟ್ಟು ನೋಡುತ್ತಾನೆ. ಮೀಟರಿನಲ್ಲಿ 13 ಬಂತು ಎನ್ನಿ. 5,000 ಕೆ.ಜಿ.ಯಲ್ಲಿ ನೀರು ಬಿಟ್ಟು ಉಳಿಯುವುದು 4,350. ಅದನ್ನು ಶೇ. 11ರ ಲೆಕ್ಕಕ್ಕೆ ತಂದರೆ ಸುಮಾರು 4,888 ಕೆ.ಜಿ. ಎರಡು ಚೀಲಕ್ಕಿಂತ ಹೆಚ್ಚು ನೀರೇ ಆಯಿತು. ಈ ಕಡಿತ ನ್ಯಾಯವಾದದ್ದು, ಇದನ್ನು ಶೋಷಣೆ ಎಂದು ಬರೆಯಬೇಡಿ.

ಜಗಳ ಹುಟ್ಟುವ ಜಾಗ ಬೇರೆ, ಔಟ್‌ಟರ್ನ್. ವ್ಯಾಪಾರಿಗಳ ಬಾಯಲ್ಲಿ ಒಟಿ. ಒಂದು ಚೀಲ ಒಣ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬ ಲೆಕ್ಕ ಇದು. ರೊಬಸ್ಟಾ ಚೆರ್ರಿಗೆ 26, 27 ಸಾಮಾನ್ಯ. ಕಾಯಿಕೊರಕ ತಿಂದದ್ದು, ಹಸಿರಾಗಿದ್ದಾಗಲೇ ಕೊಯ್ದದ್ದು, ಬೀಜ ತುಂಬುವಾಗ ನೀರು ಸಾಲದೆ ಜೊಳ್ಳಾದದ್ದು ಸೇರಿದಷ್ಟೂ ಒಟಿ ಇಳಿಯುತ್ತದೆ. ಒಂದು ಒಟಿಗೆ 300 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, 26 ಬಂದ ಚೀಲಕ್ಕೆ 7,800, 27.5 ಬಂದ ಚೀಲಕ್ಕೆ 8,250. ನೂರು ಚೀಲಕ್ಕೆ 45,000 ರೂಪಾಯಿಯ ಅಂತರ. ಇದನ್ನೆಲ್ಲ ತೀರ್ಮಾನಿಸುವುದು ಒಂದು ಹಿಡಿ ಮಾದರಿ. ಆ ಮಾದರಿಯನ್ನು ಎಷ್ಟು ಚೀಲದಿಂದ ತೆಗೆದರು, ಬೆಳೆಗಾರರ ಎದುರಿಗೆ ಸಿಪ್ಪೆ ತೆಗೆದು ತೂಗಿದರೋ ಇಲ್ಲವೋ ಎಂಬುದೇ ನಿಮ್ಮ ಪ್ರಶ್ನಾವಳಿಯ ಮುಖ್ಯ ಪ್ರಶ್ನೆಯಾಗಬೇಕು. ಮಾದರಿ ಪರೀಕ್ಷೆಯನ್ನು ತಾವೇ ಮಾಡಿಸಿಕೊಂಡು ಬರುವ ಬೆಳೆಗಾರರು ದರದ ಮಾತಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ. ಸಾಲ ತೀರಿಸುವ, ಕೂಲಿ ಬಟವಾಡೆ ಮಾಡುವ ಅವಸರದಲ್ಲಿದ್ದವರು ಹೇಳಿದ ಒಟಿಗೆ ಒಪ್ಪಿಕೊಳ್ಳುತ್ತಾರೆ.

ಹಾಗೆಂದು ಮಧ್ಯದವರನ್ನು ತೆಗೆದುಹಾಕಿ ಎಂಬ ಸಲಹೆ ಬರೆಯುವ ಮುಂಚೆ ಕಂಟೇನರ್ ಲೆಕ್ಕ ಮಾಡಿ. 20 ಅಡಿಯ ಕಂಟೇನರ್‌ಗೆ 60 ಕೆ.ಜಿ.ಯ 320 ಗೋಣಿಚೀಲ ಹಿಡಿಯುತ್ತವೆ, 19.2 ಟನ್ ಬೀಜ. ನಮ್ಮ ಬೆಳೆಗಾರರ 100 ಚೀಲದಿಂದ ಒಟಿ 26ರಂತೆ ಸಿಗುವುದು 2.6 ಟನ್. ಎಂಟು ಜನರ ಬೆಳೆ ಸೇರದೆ ಒಂದು ಕಂಟೇನರ್ ತುಂಬುವುದಿಲ್ಲ. ಅದೂ ಎಲ್ಲ ಬೀಜವೂ ರಫ್ತಿನ ದರ್ಜೆ ಎಂದುಕೊಂಡರೆ. ಈ ಒಟ್ಟುಗೂಡಿಸುವ ಕೆಲಸವೇ ವ್ಯಾಪಾರಿಯದು. ನಮ್ಮ ದಲಾಲಿಯ ಹಾಗೆ ಕಮಿಷನ್ ತೆಗೆದುಕೊಂಡು ಪಕ್ಕಕ್ಕೆ ನಿಲ್ಲುವವನಲ್ಲ ಇವನು. ಸರಕನ್ನು ತನ್ನ ಹಣದಿಂದ ಕೊಂಡು, ದರ ಬಿದ್ದರೆ ನಷ್ಟವನ್ನೂ ಹೊರುತ್ತಾನೆ. ಒಟ್ಟುಗೂಡಿಸಿದ ಮೇಲೆ ಯಾವ ಬೀಜ ಯಾರ ತೋಟದ್ದು ಎಂಬ ಗುರುತು ಅಳಿಸಿಹೋಗುತ್ತದೆ. ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮ ಬೆಳೆದ ಜಮೀನಿನ ಭೂಸ್ಥಾನವನ್ನೇ ಕೇಳುತ್ತದೆ. ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ ರಫ್ತುದಾರರ ಚಿಂತೆ ಈಗ ಇದೇ.

ವ್ಯಾಪಾರಿಯಿಂದ ಸರಕು ಹಾಸನ, ಚಿಕ್ಕಮಗಳೂರು, ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ. ಕಲ್ಲು, ಕಸ ತೆಗೆದು, ಹಲ್ಲರ್‌ನಲ್ಲಿ ಸಿಪ್ಪೆ ಬಿಡಿಸಿ, ಜರಡಿಯಲ್ಲಿ ಗಾತ್ರ ನೋಡಿ, ತೂಕದ ಮೇಲೆ ಹಗುರ ಬೀಜ ಬೇರ್ಪಡಿಸಿ, ಬಣ್ಣ ಗುರುತಿಸುವ ಯಂತ್ರದಲ್ಲಿ ಕಪ್ಪು ಬೀಜ ಆಯುತ್ತಾರೆ. ಇಲ್ಲಿ ಒಂದು ಎಚ್ಚರ: ಕ್ಯೂರಿಂಗ್ ವರ್ಕ್ಸ್ ಎಷ್ಟೋ ಸಲ ಕೂಲಿಗೆ ಮಾತ್ರ ಕೆಲಸ ಮಾಡುತ್ತದೆ, ಸರಕಿನ ಮಾಲೀಕ ಬೇರೆಯವರು. ಅದಕ್ಕಾಗಿಯೇ ಸರಕಿನ ದಾರಿಗೆ ಒಂದು ಗೆರೆ, ಮಾಲೀಕತ್ವಕ್ಕೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. ಇಲ್ಲಿಂದ ಮುಂದೆ ಮಂಗಳೂರು, ಕೊಚ್ಚಿ ಬಂದರು. ಆ ಭಾಗಕ್ಕೆ ಒಂದು ಪುಟ ಸಾಕು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಬಳ್ಳಾರಿಯ ಪುಡಿ ಅಂಗಡಿಗೆ ಬರುವ ಬೀಜ ಈ ನಕ್ಷೆಯಲ್ಲಿ ಎಲ್ಲಿ ಕವಲೊಡೆಯುತ್ತದೆ? ಕ್ಯೂರಿಂಗ್ ವರ್ಕ್ಸ್‌ನ ಜರಡಿಯ ಬಳಿ. 6 ಮಿ.ಮೀ. ತೂತಿನ ಜರಡಿಯ ಮೇಲೆ ನಿಲ್ಲುವುದು ಎಬಿ ದರ್ಜೆ, ಅದು ಹೆಚ್ಚಾಗಿ ರಫ್ತಿಗೆ. ಒಂದೇ ದುಂಡು ಬೀಜದ ಪೀಬೆರ್ರಿ ಬೇರೆಯಾಗುತ್ತದೆ. ಕೆಳಗೆ ಬೀಳುವ ಸಿ ದರ್ಜೆ, ಕಪ್ಪು, ಕಂದು, ನುಚ್ಚು ಬೀಜದ ಒಂದು ಪಾಲು ನಮ್ಮ ದೇಶದ ಪುಡಿಗೆ ಬರುತ್ತದೆ. ಪುಡಿ ಅಂಗಡಿಗೆ ಬರುವ ಇನ್ನೊಂದು ಸರಕಿಗೂ ಬಾಣ ಎಳೆಯಿರಿ, ಚಿಕೋರಿ. ಅದು ಕಾಫಿ ನಾಡಿನದ್ದಲ್ಲ, ಒಂದು ಗಿಡದ ಗಡ್ಡೆಯಂಥ ಬೇರು, ಗುಜರಾತ್ ಮತ್ತು ಉತ್ತರ ಪ್ರದೇಶದಿಂದ ಬರುತ್ತದೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿರಬೇಕು. ನಿಮ್ಮ ಊರಿನ ನಾಲ್ಕಾರು ಅಂಗಡಿಗಳ ಪೊಟ್ಟಣದ ಮೇಲಿನ ಪ್ರಮಾಣವನ್ನೂ ದರವನ್ನೂ ಗುರುತು ಹಾಕಿಕೊಂಡರೆ, ಚಿಕ್ಕಮಗಳೂರಿಗೆ ಹೋಗದೆಯೇ ವರದಿಗೆ ನಿಮ್ಮದೇ ಆದ ಒಂದು ಕೋಷ್ಟಕ ಸಿಗುತ್ತದೆ.